ಎರಡೂ ಹೌದಾದವರ ಪಟ್ಟಿ

ಹೆಚ್ಚುಕಡಿಮೆ ಮೂವತ್ತು ವರ್ಷ ಊರವರ ಕಫ ನೋಡಿಕೊಂಡೇ ಸಂಬಳ ಎಣಿಸಿದವನು ನಾನು. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ಏನು ಕೆಲಸ ಎಂದು ಕೇಳಿದರೆ ‘ಸರ್ಕಾರಿ ಲ್ಯಾಬು’ ಎಂದಷ್ಟೇ ಹೇಳಿ ಪಾಯಸದ ಕಡೆಗೆ ಮಾತು ತಿರುಗಿಸುತ್ತೇನೆ. ಯಾವ ಊರಿನ ಲ್ಯಾಬು ಎಂದು ಇಲ್ಲಿಯೂ ಹೇಳುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕರಲ್ಲಿ ಒಂದು ಎಂದುಕೊಳ್ಳಿ. ಅದಕ್ಕಿಂತ ಹೆಚ್ಚು ಹೇಳಿದರೆ ವಿವರಣೆ ಕೇಳಿ ಕಾಗದ ಬರುತ್ತದೆ, ನಮ್ಮ ಇಲಾಖೆಯಲ್ಲಿ ಬೇಗ ಬರುವುದು ಅದೊಂದೇ.

ನಮ್ಮ ಲ್ಯಾಬಿನಲ್ಲಿ ಟಿ.ಬಿ. ಪತ್ತೆ ಮಾಡುವ ಮಷಿನ್ ಒಂದಿದೆ. ಅದಕ್ಕೆ ನಾಲ್ಕು ಬಾಯಿ. ಒಂದೊಂದು ಬಾಯಿಗೂ ಒಬ್ಬರ ಕಫ ಹಾಕಿದ ಪ್ಲಾಸ್ಟಿಕ್ ಕಾರ್ಟ್ರಿಡ್ಜ್ ತಿನ್ನಿಸಬೇಕು. ತಿನ್ನಿಸಿದ ಮೇಲೆ ಅದು ಎರಡು ಗಂಟೆ ಧ್ಯಾನಕ್ಕೆ ಕೂರುತ್ತದೆ, ಆಮೇಲೆ ‘ಇದೆ’ ಅಥವಾ ‘ಇಲ್ಲ’ ಎನ್ನುತ್ತದೆ. ಅದರ ಮಾತನ್ನು ನಂಬಬಹುದು. ಕಷ್ಟವಿರುವುದು ಕಾರ್ಟ್ರಿಡ್ಜ್ ಸಿಗುವುದರಲ್ಲಿ. ಕಪಾಟಿನಲ್ಲಿ ಅವುಗಳ ಡಬ್ಬಿ ಇಳಿಯುತ್ತ ಬಂದರೆ ನನ್ನ ಬಿ.ಪಿ. ಏರುತ್ತಿತ್ತು. ಮನೆಯಲ್ಲಿ ಅಕ್ಕಿ ಎಷ್ಟಿದೆ ಎಂದು ನನಗೆ ಎಂದೂ ಗೊತ್ತಿರಲಿಲ್ಲ, ಕಾರ್ಟ್ರಿಡ್ಜ್ ಎಷ್ಟಿದೆ ಎಂಬುದು ನಿದ್ದೆಯಲ್ಲಿ ಕೇಳಿದರೂ ಗೊತ್ತಿತ್ತು.

ಆ ವರ್ಷ ಮೇಲಿನಿಂದ ಆದೇಶ ಬಂತು. ರೋಗಿಗಳು ಆಸ್ಪತ್ರೆಗೆ ಬರಲಿ ಎಂದು ಕಾಯಬೇಡಿ, ನೀವೇ ಹಳ್ಳಿಗೆ ಹೋಗಿ ಹುಡುಕಿ. ಹುಡುಕುವುದಕ್ಕೆ ಎರಡು ಜರಡಿ. ಮೊದಲನೆಯದು ಆಶಾ ಕಾರ್ಯಕರ್ತೆಯರ ನಾಲ್ಕು ಪ್ರಶ್ನೆ: ಎರಡು ವಾರದಿಂದ ಕೆಮ್ಮಿದೆಯಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ, ರಾತ್ರಿ ಮೈ ಬೆವರುತ್ತಾ. ನಾಲ್ಕರಲ್ಲಿ ಒಂದಕ್ಕೆ ಹೌದು ಎಂದರೂ ಪ್ರಶ್ನೆಯ ಕಾಲಂನಲ್ಲಿ ‘ಹೌದು’. ಎರಡನೆಯದು ವ್ಯಾನಿನಲ್ಲಿ ಬರುವ ಎಕ್ಸ್‌ರೇ. ಎದೆಯಲ್ಲಿ ನೆರಳು ಕಂಡರೆ ಎಕ್ಸ್‌ರೇ ಕಾಲಂನಲ್ಲಿ ‘ಹೌದು’. ಜರಡಿಯಲ್ಲಿ ನಿಂತವರ ಕಫ ನನ್ನ ಮಷಿನ್‌ಗೆ.

ಅದೇ ಹೊತ್ತಿಗೆ ನಮ್ಮಲ್ಲಿಗೆ ಹೊಸದಾಗಿ ಒಬ್ಬರು ವೈದ್ಯೆ ಬಂದಿದ್ದರು. ನನ್ನ ಮಗಳ ವಯಸ್ಸು, ಆದರೂ ಕುರ್ಚಿಯ ಲೆಕ್ಕದಲ್ಲಿ ನನಗೆ ಮೇಡಂ. ಟಿ.ಬಿ. ಕೆಲಸದ ಉಸ್ತುವಾರಿ ಅವರದು. ಮೊದಲ ಸುತ್ತು ಟೇಕಲ್ ಕಡೆಯ ಹಳ್ಳಿಗಳಲ್ಲಿ. ಎರಡು ಕಾಲಂಗಳಲ್ಲಿ ಯಾವುದಾದರೂ ಒಂದರಲ್ಲಿ ‘ಹೌದು’ ಇದ್ದರೂ ಸಾಕು, ಕಫ ತೆಗೆದುಕೊಳ್ಳಿ ಎಂದು ಅವರು ಹೇಳಿಬಿಟ್ಟರು.

ಬಂತು ನೋಡಿ ಕಫ. ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ, ಅದು ಸಾಲದೆ ಟೊಮೆಟೊ ಕ್ರೇಟುಗಳಲ್ಲಿ ಡಬ್ಬಿಗಳು ಬಂದು ನನ್ನ ಟೇಬಲ್ ಏರಿದವು. ಕಲ್ಲು ಒಡೆಯುವವರು ಧೂಳಿಗೆ ಕೆಮ್ಮುತ್ತಾರೆ, ಅವರೆಲ್ಲ ಪ್ರಶ್ನೆಗೆ ಹೌದು. ಬೀಡಿ ಸೇದುವ ಅಜ್ಜಂದಿರು ಹುಟ್ಟಿನಿಂದ ಕೆಮ್ಮುತ್ತಿರುವಂತೆ ಕೆಮ್ಮುತ್ತಾರೆ, ಅವರೂ ಹೌದು. ಎಂದೋ ನಿಮೋನಿಯ ಬಂದು ವಾಸಿಯಾಗಿ ಗಾಯದ ಗುರುತು ಉಳಿದವರು ಎಕ್ಸ್‌ರೇಗೆ ಹೌದು. ನಾಲ್ಕು ಬಾಯಿಯ ಮಷಿನ್ ‘ಇಲ್ಲ, ಇಲ್ಲ, ಇಲ್ಲ, ಇಲ್ಲ’ ಎಂದು ದಿನವಿಡೀ ಹೇಳುತ್ತಿತ್ತು. ನಡುವೆ ಅಲ್ಲೊಂದು ಇಲ್ಲೊಂದು ‘ಇದೆ’ ಎಂದಾಗ ಮೇಡಂ ಮುಖ ಅರಳುತ್ತಿತ್ತು. ನನ್ನ ಕಣ್ಣು ಮಾತ್ರ ಕಪಾಟಿನ ಮೇಲೆ.

ಹಾಗೆ ಸಿಕ್ಕಿಬಿದ್ದವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಹಳೆಯ ಗುರುತಿನ ದೆಸೆಯಿಂದ ಅವರ ಎಕ್ಸ್‌ರೇಗೆ ಹೌದು ಬಿತ್ತು. ಆಶಾ ಕಾರ್ಯಕರ್ತೆ ಕಫದ ಡಬ್ಬಿ ಹಿಡಿದು ಅವರ ಮನೆಗೆ ಹೋದದ್ದನ್ನು ಬೀದಿಯೆಲ್ಲ ನೋಡಿತು. ಮಾರನೆಯ ದಿನದಿಂದ ವಾಕಿಂಗಿಗೆ ಜೊತೆಯಾಗುತ್ತಿದ್ದವರು ಅವರನ್ನು ಬಿಟ್ಟು ಹೊರಟರು, ಟೀ ಅಂಗಡಿಯವನು ಅವರಿಗೆ ಮಾತ್ರ ಪೇಪರ್ ಲೋಟ ಕೊಟ್ಟ. ಮಷಿನ್ ‘ಇಲ್ಲ’ ಎಂದಿತು. ಮೇಷ್ಟ್ರು ಲ್ಯಾಬಿಗೇ ಬಂದು ನನ್ನ ಮುಂದೆ ಕೂತು, ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಮಾನವನ್ನು ನೀವು ಒಂದು ಡಬ್ಬಿಯಲ್ಲಿ ಕಳೆದಿರಿ ಎಂದರು. ಆಮೇಲೆ ಆ ‘ಇಲ್ಲ’ ಎಂಬ ರಿಪೋರ್ಟಿಗೆ ಲ್ಯಾಮಿನೇಷನ್ ಮಾಡಿಸಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರಂತೆ. ಕೇಳಿದವರಿಗೂ ತೋರಿಸುತ್ತಿದ್ದರು, ಕೇಳದವರಿಗೂ ತೋರಿಸುತ್ತಿದ್ದರು.

ಮೇಷ್ಟ್ರ ವಿಷಯದಲ್ಲಿ ನನಗೆ ನಿಜವಾಗಿ ಬೇಜಾರಾಗಿತ್ತು, ಅದು ಸುಳ್ಳಲ್ಲ. ಆದರೆ ಕೋಲಾರದ ಮೀಟಿಂಗಿನಲ್ಲಿ ಆ ಬೇಜಾರನ್ನು ಮುಂದಿಟ್ಟುಕೊಂಡು ನಾನು ಆಡಿದ ಮಾತೆಲ್ಲ ಕಾರ್ಟ್ರಿಡ್ಜ್ ಉಳಿಸುವುದಕ್ಕೆ. ನಾನು ಎದ್ದು ನಿಂತು, ಎರಡರಲ್ಲಿ ಒಂದು ಹೌದು ಅಂದರೆ ಸಾಕು ಎಂಬುದು ತೀರ ಸಡಿಲವಾಯಿತು, ಎರಡೂ ಹೌದಾದವರ ಕಫ ಮಾತ್ರ ತೆಗೆಯೋಣ ಎಂದೆ. ಮೀಟಿಂಗ್ ನಡೆಸುತ್ತಿದ್ದ ಜಿಲ್ಲೆಯ ಸಾಹೇಬರಿಗೆ ಅದು ತಕ್ಷಣ ಹಿಡಿಸಿತು. ಅವರು ಟೇಬಲ್ ತಟ್ಟಿ, ಎರಡು ಪರೀಕ್ಷೆಯಲ್ಲೂ ಪಾಸಾಗಬೇಕು ಅಂದರೆ ತಪಾಸಣೆ ಎರಡು ಪಟ್ಟು ಬಿಗಿಯಾಯಿತು, ಇನ್ನು ಒಬ್ಬ ರೋಗಿಯೂ ತಪ್ಪಿಸಿಕೊಳ್ಳುವುದಿಲ್ಲ ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅವರು ಹೇಳಿದ್ದು ತಲೆಕೆಳಗು ಎಂದು ನನಗೆ ಒಳಗೆ ಗೊತ್ತಿತ್ತು.

ಮೇಡಂ ಮಾತ್ರ ತಲೆಯಾಡಿಸಲಿಲ್ಲ. ಬೋರ್ಡಿನ ಹತ್ತಿರ ಹೋಗಿ ಪೆನ್ನು ತೆಗೆದರು. ಪೆನ್ನಿನಲ್ಲಿ ಶಾಯಿ ಇರಲಿಲ್ಲ, ಇನ್ನೊಂದು ತರಿಸಲು ಹತ್ತು ನಿಮಿಷ ಹಿಡಿಯಿತು, ಅಷ್ಟರಲ್ಲಿ ಬೋಂಡ ಬಂತು. ಹಾಗಾಗಿ ಅವರ ಲೆಕ್ಕವನ್ನು ಸಭೆ ಬೋಂಡ ತಿನ್ನುತ್ತ ಕೇಳಿತು. ನಾನು ಚಟ್ನಿಯ ನಡುವೆಯೂ ಗಮನ ಕೊಟ್ಟಿದ್ದೆ, ಇವತ್ತಿಗೂ ಬಾಯಿಪಾಠ ಇದೆ.

ಉದಾಹರಣೆಗೆ ಇಟ್ಟುಕೊಳ್ಳಿ ಎಂದರು ಅವರು. ನೂರು ಜನ ನಿಜವಾದ ರೋಗಿಗಳು, ಸಾವಿರ ಜನ ರೋಗವಿಲ್ಲದವರು. ಪ್ರಶ್ನೆಯ ಜರಡಿ ನೂರು ರೋಗಿಗಳಲ್ಲಿ ಅರವತ್ತು ಜನರನ್ನು ಹಿಡಿಯುತ್ತದೆ, ಎಕ್ಸ್‌ರೇ ತೊಂಬತ್ತು ಜನರನ್ನು. ರೋಗವಿಲ್ಲದ ಸಾವಿರದಲ್ಲಿ ಎರಡು ಜರಡಿಯೂ ತಲಾ ನೂರು ಜನರನ್ನು ಸುಮ್ಮಸುಮ್ಮನೆ ಹಿಡಿಯುತ್ತವೆ. ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲ ಎಂದುಕೊಳ್ಳೋಣ. ಈಗ ಯಾವುದಾದರೂ ಒಂದು ಹೌದು ಸಾಕು ಎಂದರೆ, ಎರಡೂ ಕೈಬಿಟ್ಟ ರೋಗಿಗಳು ನಾಲ್ಕೇ ಜನ, ತೊಂಬತ್ತಾರು ಜನ ಸಿಕ್ಕುತ್ತಾರೆ. ಆದರೆ ಸುಮ್ಮನೆ ಸಿಕ್ಕಿಬೀಳುವವರು ನೂರಾ ತೊಂಬತ್ತು. ಎರಡೂ ಹೌದಾಗಲೇಬೇಕು ಎಂದರೆ, ಸುಮ್ಮನೆ ಸಿಕ್ಕಿಬೀಳುವವರು ಹತ್ತೇ ಜನ. ಆದರೆ ರೋಗಿಗಳಲ್ಲಿ ಸಿಕ್ಕುವವರು ಐವತ್ತನಾಲ್ಕು. ಉಳಿದ ನಲವತ್ತಾರು ಜನ ಮನೆಗೆ ಹೋಗುತ್ತಾರೆ. ಪ್ರಶ್ನೆಯೊಂದನ್ನೇ ಕೇಳಿ ಸುಮ್ಮನಾಗಿದ್ದರೂ ಇದಕ್ಕಿಂತ ಹೆಚ್ಚು ಜನ ಸಿಕ್ಕುತ್ತಿದ್ದರು.

ರೋಗ ಇರುವವರಲ್ಲಿ ಎಷ್ಟು ಮಂದಿಯನ್ನು ಹಿಡಿಯುತ್ತೇವೆ ಎನ್ನುವುದು ಸೆನ್ಸಿಟಿವಿಟಿ ಎಂದರು ಮೇಡಂ. ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಕಳಿಸುತ್ತೇವೆ ಎನ್ನುವುದು ಸ್ಪೆಸಿಫಿಸಿಟಿ. ಎರಡು ಪರೀಕ್ಷೆಯನ್ನು ಹೇಗೆ ಜೋಡಿಸಿದರೂ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ‘ಒಂದಾದರೂ ಸಾಕು’ ಎನ್ನುವುದು ಪ್ಯಾರಲಲ್, ಅದರಲ್ಲಿ ಹಿಡಿಯುವುದು ಹೆಚ್ಚು. ‘ಎರಡೂ ಬೇಕು’ ಎನ್ನುವುದು ಸೀರಿಯಲ್, ಅದರಲ್ಲಿ ಬಿಡುವುದು ಹೆಚ್ಚು.

ಸಾಹೇಬರು ಕೈ ಒರೆಸಿಕೊಂಡು, ನಾವು ಪ್ರಶ್ನೆ ಮತ್ತು ಎಕ್ಸ್‌ರೇ ಎರಡನ್ನೂ ಒಂದೇ ದಿನ ಒಂದೇ ಜಾಗದಲ್ಲಿ ಎಲ್ಲರಿಗೂ ಮಾಡುತ್ತಿದ್ದೇವಲ್ಲ, ಅಂದಮೇಲೆ ನಮ್ಮದು ಪ್ಯಾರಲಲ್ಲೇ ಆಯಿತಲ್ಲ ಎಂದರು. ಒಟ್ಟಿಗೆ ಮಾಡುವುದರಿಂದ ಪ್ಯಾರಲಲ್ ಆಗುವುದಿಲ್ಲ ಸಾರ್, ಕೊನೆಗೆ ಯಾರನ್ನು ಎತ್ತಿಕೊಳ್ಳುತ್ತೇವೆ ಎನ್ನುವುದರ ಮೇಲೆ ಹೋಗುತ್ತದೆ ಎಂದರು ಮೇಡಂ. ಎಲ್ಲರಿಗೂ ಎರಡೂ ಮಾಡಿ ಎರಡೂ ಹೌದಾದವರನ್ನು ಮಾತ್ರ ಎತ್ತಿಕೊಂಡರೆ, ಸೀರಿಯಲ್‌ನ ನಷ್ಟ ಪೂರ್ತಿ ನಮ್ಮದು, ಪ್ರಶ್ನೆಗೆ ಹೌದು ಎಂದವರಿಗೆ ಮಾತ್ರ ಎಕ್ಸ್‌ರೇ ತೆಗೆದಿದ್ದರೆ ಉಳಿಯುತ್ತಿದ್ದ ಖರ್ಚು ಕೂಡ ಉಳಿಯುವುದಿಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. “ಸುಮ್ನೆ ಸಿಕ್ಕಿಬಿದ್ದವರನ್ನ ನಿಮ್ಮ ಮಷಿನ್ ಬಿಡಿಸುತ್ತೆ ಸಾರ್. ಜರಡಿಯಲ್ಲಿ ಬಿಟ್ಟುಹೋದವರನ್ನ ಆಮೇಲೆ ಯಾರು ಹಿಡೀತಾರೆ?”

ನಾನು, ಮಷಿನ್ ಬಿಡಿಸುತ್ತದೆ ನಿಜ, ಆದರೆ ಮೇಷ್ಟ್ರನ್ನು ಟೀ ಅಂಗಡಿಯಿಂದ ಯಾರು ಬಿಡಿಸುತ್ತಾರೆ ಎಂದೆ. ಸಭೆ ನಕ್ಕಿತು. ಮೇಡಂ ಪೆನ್ನಿನ ಮುಚ್ಚಳ ಹಾಕಿ ಕೂತರು. ಆ ನಗುವಿನಲ್ಲಿ ನಾನು ಗೆದ್ದೆ ಎಂದುಕೊಂಡೆ, ಇನ್ನೊಂದು ಬೋಂಡ ತೆಗೆದುಕೊಂಡೆ.

ಹೀಗೆ ತಾಯಲೂರು ಕಡೆಯ ಸುತ್ತಿಗೆ ಹೊಸ ನಿಯಮ ಬಂತು. ಆಶಾಗಳಿಗೆ ಫಾರಂ ತುಂಬುವ ಗುರಿ ಇತ್ತು, ಎಲ್ಲರಿಗೂ ಪ್ರಶ್ನೆ ಕೇಳಿದರು. ವ್ಯಾನಿನವರಿಗೆ ಎಕ್ಸ್‌ರೇ ಗುರಿ ಇತ್ತು, ಎಲ್ಲರಿಗೂ ತೆಗೆದರು. ಕಾರ್ಟ್ರಿಡ್ಜ್ ಉಳಿಸುವ ಗುರಿ ನನ್ನದು. ಪಟ್ಟಿ ನನ್ನ ಟೇಬಲ್ಲಿಗೆ ಬರುತ್ತಿತ್ತು. ಗುಟ್ಟು ಕಾಯಬೇಕೆಂದು ಅದರಲ್ಲಿ ಹೆಸರಿರಲಿಲ್ಲ, ಹಳ್ಳಿಯ ಸಂಖ್ಯೆ, ಆಳಿನ ಸಂಖ್ಯೆ, ಎರಡು ಕಾಲಂ, ಅಷ್ಟೇ. ನಾನು ಸ್ಕೇಲ್ ಇಟ್ಟು, ಎರಡೂ ‘ಹೌದು’ ಇಲ್ಲದ ಸಾಲುಗಳ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತ ಹೋದೆ. ಎಕ್ಸ್‌ರೇ ಹೌದು, ಪ್ರಶ್ನೆ ಇಲ್ಲ: ಗೆರೆ. ಪ್ರಶ್ನೆ ಹೌದು, ಎಕ್ಸ್‌ರೇ ಇಲ್ಲ: ಗೆರೆ. ಒಂದೇ ಹೌದು ಇದ್ದವರ ಮುಂದೆ ‘ಮುಂದಿನ ಭೇಟಿಯಲ್ಲಿ ಗಮನಿಸುವುದು’ ಎಂದು ರಬ್ಬರ್ ಸ್ಟಾಂಪ್ ಕೂಡ ಒತ್ತಿದೆ. ಮುಂದಿನ ಭೇಟಿ ಯಾವಾಗ ಎಂದು ಯಾವ ಸ್ಟಾಂಪಿನಲ್ಲೂ ಇರಲಿಲ್ಲ. ನನ್ನ ಗೆರೆಗಳು ತುಂಬ ನೇರವಾಗಿದ್ದವು.

ಫಲಿತಾಂಶ ನೋಡಿ ಎಲ್ಲರೂ ಖುಷಿಪಟ್ಟರು. ಕಫ ಕೊಟ್ಟವರು ಕಡಿಮೆ, ಅವರಲ್ಲಿ ‘ಇದೆ’ ಬಂದವರ ಪಾಲು ಹೆಚ್ಚು. ಟೇಕಲ್ ಸುತ್ತಿನಲ್ಲಿ ಒಬ್ಬ ರೋಗಿ ಸಿಗಲು ಎಷ್ಟು ಕಾರ್ಟ್ರಿಡ್ಜ್ ಹೋಗಿತ್ತೋ ಅದರ ಒಂದು ಸಣ್ಣ ಪಾಲಿನಲ್ಲಿ ಇಲ್ಲಿ ಕೆಲಸ ಮುಗಿದಿತ್ತು. ಒಟ್ಟು ರೋಗಿಗಳು ಎಷ್ಟು ಸಿಕ್ಕರು ಎಂದು ಕೇಳುವ ಕಾಲಂ ವರದಿಯಲ್ಲಿ ಕೊನೆಯಲ್ಲಿತ್ತು, ಅಲ್ಲಿಯವರೆಗೆ ಯಾರೂ ಓದಲಿಲ್ಲ. ಒಂದು ಕಾರ್ಯಕ್ರಮದಲ್ಲಿ ನನಗೆ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಸಂಪನ್ಮೂಲಗಳ ಮಿತವ್ಯಯಕ್ಕೆ ಮೆಚ್ಚುಗೆ ಎಂಬ ಪತ್ರ ಕೊಟ್ಟರು. ಪೇಟ ನನ್ನ ತಲೆಗೆ ದೊಡ್ಡದಾಗಿತ್ತು, ಫೋಟೋದಲ್ಲಿ ನನ್ನ ಕಣ್ಣು ಕಾಣುವುದಿಲ್ಲ. ಫ್ರೇಮ್ ಹಾಕಿಸಿ ಲ್ಯಾಬಿನಲ್ಲಿ ಮಷಿನ್ ಮೇಲ್ಗಡೆ ತೂಗುಹಾಕಿದೆ.

ನನ್ನ ಅಕ್ಕನ ಮನೆ ಇರುವುದು ತಾಯಲೂರು ಕಡೆಯ ಒಂದು ಹಳ್ಳಿಯಲ್ಲಿ. ರಾಗಿಯೂ ಇದೆ, ಹಿಪ್ಪುನೇರಳೆಯೂ ಇದೆ, ಆದರೆ ಅಕ್ಕನ ಜೀವವೆಲ್ಲ ರೇಷ್ಮೆಹುಳದ ಮನೆಯಲ್ಲಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಭಾವ ಹೋಗಿ ಕೆಲವು ವರ್ಷವಾಗಿದೆ, ಒಬ್ಬಳೇ ಮಗಳನ್ನು ಶ್ರೀನಿವಾಸಪುರಕ್ಕೆ ಕೊಟ್ಟಿದ್ದಾಳೆ. ಆ ಮಗಳು ಚೊಚ್ಚಲ ಬಸುರಿ. ಬಾಣಂತನ ತವರಿನಲ್ಲೇ ಎಂದು ಅಕ್ಕ ಬಹಳ ಮೊದಲೇ ಬೀಗರಿಗೆ ಹೇಳಿಬಿಟ್ಟಿದ್ದಳು. ಹಳೆಯ ಸೀರೆಗಳನ್ನು ಒಗೆದು ಮಗುವಿಗೆ ಮೆತ್ತನೆಯ ಬಟ್ಟೆ ಹರಿದಿಟ್ಟಿದ್ದಳು, ತೊಟ್ಟಿಲಿಗೆ ಬಣ್ಣ ಹೊಡೆಸಿದ್ದಳು, ಎರೆಯುವ ನೀರಿಗೆ ಸೌದೆಯನ್ನೂ ಬೇರೆಯಾಗಿ ಪೇರಿಸಿಟ್ಟಿದ್ದಳು. ಅವಳಿಗೆ ಆ ವರ್ಷ ಮಾತಾಡಲು ಬೇರೆ ವಿಷಯವೇ ಇರಲಿಲ್ಲ.

ನಮ್ಮ ತಪಾಸಣೆ ಆ ಹಳ್ಳಿಗೆ ಹೋದಾಗ ಮಗಳು ಇನ್ನೂ ಅತ್ತೆಮನೆಯಲ್ಲಿದ್ದಳು. ಹೆರಿಗೆಯಾಗಿ ಮಗಳೂ ಮಗುವೂ ತವರಿಗೆ ಬಂದದ್ದು ಅದಾದ ಎರಡು ತಿಂಗಳ ಮೇಲೆ. ಹೆಣ್ಣು ಮಗು. ನಾನು ಬೆಳ್ಳಿಯ ಕಡಗ ತೆಗೆದುಕೊಂಡು ನೋಡಲು ಹೋದೆ. ಅಕ್ಕ ಕಾಲು ನೀಡಿ ಕೂತು ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡುತ್ತಿದ್ದಳು. ಅವಳ ಕೈ ಬಳೆಗಳು ಮೊಣಕೈವರೆಗೂ ಜಾರಿ ಹೋಗುತ್ತಿದ್ದವು. ಅವಳು ಮುಖ ಪಕ್ಕಕ್ಕೆ ಹೊರಳಿಸಿ ಕೆಮ್ಮಿದಳು, ಮತ್ತೆ ಎಣ್ಣೆ ತೀಡಿದಳು, ಮತ್ತೆ ಕೆಮ್ಮಿದಳು. ಮೂವತ್ತು ವರ್ಷದಿಂದ ಕೆಮ್ಮು ಕೇಳಿದ ಕಿವಿ ನನ್ನದು.

ಯಾವಾಗಿನಿಂದ ಎಂದೆ. ಏನು ಯಾವಾಗಿನಿಂದ ಎಂದಳು. ಕೆಮ್ಮು ಎಂದೆ.

“ಇದಾ? ಇದು ಸುಣ್ಣದ ಕೆಮ್ಮು ಕಣೋ, ಕೆಮ್ಮಲ್ಲ.”

ಹುಳದ ಮನೆಯಲ್ಲಿ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ, ನೆಲಕ್ಕೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಆ ಕೆಲಸ ಮಾಡುವವರೆಲ್ಲ ಸ್ವಲ್ಪ ಕೆಮ್ಮುತ್ತಾರೆ. ಆ ಕೆಮ್ಮನ್ನು ಅವರು ಕೆಮ್ಮಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಕೆಲಸದ ಜೊತೆ ಬರುವುದು, ಅಡುಗೆ ಮಾಡುವವರಿಗೆ ಒಗ್ಗರಣೆಯ ಘಾಟಿನಂತೆ. ಸೊರಗಿದ್ದೀಯಲ್ಲ ಎಂದರೆ, ಹುಳ ಮೇಯುವ ಹೊತ್ತಿನಲ್ಲಿ ನಮಗೆ ತಿನ್ನಲು ಪುರುಸೊತ್ತೆಲ್ಲಿ ಎಂದಳು. ರಾತ್ರಿ ಬೆವರುತ್ತಾ ಎಂದರೆ, ಹುಳಕ್ಕೆ ಬೆಚ್ಚಗಿರಲಿ ಎಂದು ಕಿಟಕಿ ಮುಚ್ಚಿರುತ್ತೇವಲ್ಲ ಎಂದಳು. ಎಲ್ಲಕ್ಕೂ ಅವಳ ಹತ್ತಿರ ಕಾರಣವಿತ್ತು. ಆಶಾ ಕಾರ್ಯಕರ್ತೆ ಬಂದಾಗಲೂ ‘ಏಮೀ ಲೇದಮ್ಮಾ’, ಏನೂ ಇಲ್ಲಮ್ಮ, ಎಂದು ನಮ್ಮ ಮನೆಯ ತೆಲುಗಿನಲ್ಲಿ ಒಂದೇ ಮಾತಿಗೆ ಮುಗಿಸಿ, ಸೊಪ್ಪು ಹೆಚ್ಚಲು ಹೋಗಿದ್ದಳಂತೆ. ಅವಳು ಸುಳ್ಳು ಹೇಳಿರಲಿಲ್ಲ. ಅವಳ ಪಾಲಿಗೆ ನಿಜವಾಗಿ ಏನೂ ಇರಲಿಲ್ಲ.

ವ್ಯಾನಿನಲ್ಲಿ ಫೋಟೋ ತೆಗೆದರಲ್ಲ ಎಂದು ಕೇಳಿದೆ. ತೆಗೆದರು, ಆಮೇಲೆ ಯಾರೂ ಏನೂ ಹೇಳಲಿಲ್ಲ, ಅಂದರೆ ಎಲ್ಲ ಚೆನ್ನಾಗಿದೆ ಅಂತ ತಾನೇ ಎಂದಳು. ಎಂದು ನನ್ನ ಕಡೆ ನೋಡಿ ನಕ್ಕು, ನೀನೇ ಇದ್ದೀಯಲ್ಲ ಅಲ್ಲಿ, ಏನಾದರೂ ಇದ್ದಿದ್ದರೆ ನೀನು ಬಿಡುತ್ತಿದ್ದೆಯಾ ಎಂದಳು.

ಮಾರನೆಯ ಬೆಳಿಗ್ಗೆ ಅವಳ ಕಫ ತರಿಸಿ ಮಷಿನ್‌ಗೆ ಹಾಕಿದೆ. ಆ ಎರಡು ಗಂಟೆ ಅದರ ಮುಂದೆಯೇ ಕೂತಿದ್ದೆ. ಮೇಲ್ಗಡೆ ಫ್ರೇಮಿನಲ್ಲಿ ಪೇಟ ಹಾಕಿಕೊಂಡು ನಾನೂ ಕೂತಿದ್ದೆ. ಮಷಿನ್ ‘ಇದೆ’ ಎಂದಿತು.

ಆಮೇಲೆ ಕಪಾಟಿನಿಂದ ತಾಯಲೂರಿನ ಪಟ್ಟಿ ತೆಗೆದೆ. ಆಶಾ ಕಾರ್ಯಕರ್ತೆಗೆ ಫೋನು ಮಾಡಿ ಅಕ್ಕನ ಸಂಖ್ಯೆ ಕೇಳಿಕೊಂಡು ಬೆರಳಿಟ್ಟು ಹುಡುಕಿದೆ. ಪ್ರಶ್ನೆ: ಇಲ್ಲ. ಎಕ್ಸ್‌ರೇ: ಹೌದು. ಅದರ ಮೇಲೆ ಕೆಂಪು ಗೆರೆ, ಸ್ಕೇಲ್ ಇಟ್ಟು ಎಳೆದದ್ದು. ಪಕ್ಕದಲ್ಲಿ ನನ್ನ ಸ್ಟಾಂಪ್. ಆ ಎಕ್ಸ್‌ರೇ ಅವಳನ್ನು ಎರಡೂವರೆ ತಿಂಗಳ ಹಿಂದೆಯೇ ಹಿಡಿದಿತ್ತು, ಕೂಸು ಆ ಮನೆಯ ಹೊಸ್ತಿಲು ದಾಟುವುದಕ್ಕೆ ಎಷ್ಟೋ ಮೊದಲು. ಆಗಲೇ ಮಾತ್ರೆ ಶುರುವಾಗಿದ್ದರೆ ಬಾಣಂತನದ ಹೊತ್ತಿಗೆ ಅವಳಿಂದ ಯಾರಿಗೂ ಅಂಟುವ ಭಯ ಇರುತ್ತಿರಲಿಲ್ಲ. ಹಿಡಿದವಳನ್ನು ಕೈಯಾರೆ ಬಿಟ್ಟವನು ನಾನು.

ಪಟ್ಟಿಯನ್ನು ಮೇಡಂ ಮುಂದೆ ಇಟ್ಟೆ. ಅವರು ನಾನು ಹೇಳಿದೆನಲ್ಲ ಎನ್ನಬಹುದಿತ್ತು, ಅದಕ್ಕೆ ನಾನು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವರು ಹಾಗೆ ಅನ್ನಲಿಲ್ಲ. ಕೂಸಿಗೆ ಎಷ್ಟು ದಿನ ಎಂದು ಕೇಳಿದರು. ಇಪ್ಪತ್ತೆರಡು ಎಂದೆ. ತಕ್ಷಣ ಮಕ್ಕಳ ವೈದ್ಯರಿಗೆ ಫೋನು ಮಾಡಿದರು. ಆಮೇಲೆ ಆ ಪಟ್ಟಿಯಲ್ಲಿ ಒಂದೇ ‘ಹೌದು’ ಇರುವ ಸಾಲುಗಳನ್ನೆಲ್ಲ ಬೇರೆ ಹಾಳೆಗೆ ಇಳಿಸಿ, ಇವರೆಲ್ಲರ ಕಫ ಈ ವಾರದಲ್ಲಿ ಬರಬೇಕು ಎಂದರು. ಕಾರ್ಟ್ರಿಡ್ಜ್ ಬಗ್ಗೆ ನಾನು ಬಾಯಿ ತೆರೆಯಲಿಲ್ಲ. ಆ ವಾರ ಬಂದ ಡಬ್ಬಿಗಳಲ್ಲಿ ಮಷಿನ್ ‘ಇಲ್ಲ’ ಎಂದದ್ದೇ ಬಹಳ. ಹಾಗಿದ್ದೂ ನನ್ನ ಗೆರೆಗಳ ಕೆಳಗಿಂದ ಅಕ್ಕನಲ್ಲದೆ ಇನ್ನೂ ಕೆಲವರು ಎದ್ದು ಬಂದರು. ಅವರು ಯಾರ ಅಕ್ಕಂದಿರೋ, ಅವರ ಮನೆಯಲ್ಲಿ ಯಾರು ಆಡುತ್ತಿದ್ದರೋ, ಹೆಸರಿಲ್ಲದ ಪಟ್ಟಿಯಿಂದ ನನಗೆ ಗೊತ್ತಾಗಲಿಲ್ಲ.

ಕೂಸನ್ನು ಪರೀಕ್ಷೆ ಮಾಡಿದರು. ರೋಗ ಇರಲಿಲ್ಲ. ಬರದಿರಲಿ ಎಂದು ಆರು ತಿಂಗಳು ದಿನಾ ಮಾತ್ರೆ ಪುಡಿ ಮಾಡಿ ಕೊಡಬೇಕು ಎಂದರು. ಅಕ್ಕನಿಗೂ ಆರು ತಿಂಗಳ ಮಾತ್ರೆ. ಕೆಲವು ವಾರ ಮಾತ್ರೆ ಬಿದ್ದ ಮೇಲೆ ಹರಡುವುದಿಲ್ಲ, ಬಾಣಂತನ ಆಮೇಲೆ ಮುಂದುವರಿಸಬಹುದು ಎಂದು ಮೇಡಂ ಬೀಗರ ಮನೆಗೇ ಹೋಗಿ ಹೇಳಿ ಬಂದರು. ಬೀಗರು ಎಲ್ಲ ಕೇಳಿಕೊಂಡು, ಕಾಫಿ ಕೊಟ್ಟು, ಅದೇ ಸಂಜೆ ಕಾರು ತಂದು ಬಾಣಂತಿಯನ್ನೂ ಕೂಸನ್ನೂ ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋದರು. ಬಣ್ಣ ಹೊಡೆಸಿದ ತೊಟ್ಟಿಲು ಇಲ್ಲೇ ಉಳಿಯಿತು, ಸೋಂಕಿರಬಹುದು ಎಂದು ಅದನ್ನು ಒಯ್ಯಲಿಲ್ಲ.

ಎರಡು ತಿಂಗಳು ನಾನು ಅಕ್ಕನಿಗೆ ನಿಜ ಹೇಳಲಿಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದೆ, ಮೊಟ್ಟೆ ಕೊಟ್ಟು, ಮಾತ್ರೆ ಎಣಿಸಿ ಬರುತ್ತಿದ್ದೆ. ಅವಳು ಚೇತರಿಸಿಕೊಳ್ಳುತ್ತಿದ್ದಳು, ಬಳೆ ಮತ್ತೆ ಮಣಿಕಟ್ಟಿನಲ್ಲಿ ನಿಲ್ಲುತ್ತಿದ್ದವು. ನಮ್ಮ ತಮ್ಮನೇ ಕಂಡುಹಿಡಿದ ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅದನ್ನು ಕೇಳಿಕೊಂಡು ನಿಲ್ಲುವುದು ಮೈಸೂರು ಪೇಟಕ್ಕಿಂತ ಭಾರವಾಗಿತ್ತು.

ಕೊನೆಗೆ ಒಂದು ಮಧ್ಯಾಹ್ನ ಹುಳದ ಮನೆಯಲ್ಲಿ ಹೇಳಿದೆ. ಅವಳು ತಟ್ಟೆಗಳನ್ನು ಒಂದೊಂದಾಗಿ ನೋಡುತ್ತ ಕೆಲವು ಹುಳ ಹೆಕ್ಕಿ ಸುಣ್ಣದ ನೀರಿನ ಬೋಸಿಗೆ ಹಾಕುತ್ತಿದ್ದಳು. ನಾನು ಎಕ್ಸ್‌ರೇ, ಪ್ರಶ್ನೆ, ಎರಡು ಕಾಲಂ, ಕೆಂಪು ಗೆರೆ, ಎಲ್ಲವನ್ನೂ ಹೇಳಿದೆ. ಒಂದರಲ್ಲಿ ಹೌದು ಇದ್ದರೂ ಇನ್ನೊಂದರಲ್ಲಿ ಇಲ್ಲ ಎಂದು ನಿನ್ನ ಸಾಲು ಹೊಡೆದುಹಾಕಿದವನು ನಾನೇ ಎಂದೆ. ಅವಳ ಕೈ ನಿಲ್ಲಲಿಲ್ಲ.

ಬೋಸಿಯ ಕಡೆ ಕಣ್ಣು ತೋರಿಸಿ, ಇವನ್ನು ಯಾಕೆ ಎತ್ತಿ ಹಾಕುತ್ತೀನಿ ಹೇಳು ಎಂದು ಕೇಳಿದಳು. ಚಿಕ್ಕಂದಿನಿಂದ ನೋಡಿದ್ದು, ನನಗೆ ಗೊತ್ತಿತ್ತು. ಹಾಲುರೋಗ ಬಂದ ಹುಳದ ಮೈ ಊದಿ ಹೊಳೆಯುತ್ತದೆ. ಇಲ್ಲವೇ ಅದು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುಮ್ಮನೆ ಅಲೆಯುತ್ತದೆ.

“ಮೈ ಹೊಳೆದ್ರೂ ಎತ್ತುತೀನಿ, ಅಂಚಿಗೆ ಬಂದ್ರೂ ಎತ್ತುತೀನಿ. ಎರಡೂ ಆಗ್ಲಿ ಅಂತ ಕಾದ್ರೆ ತಟ್ಟೆ ಪೂರಾ ಹೋಗುತ್ತೆ ಕಣೋ. ನಾಲ್ಕು ಒಳ್ಳೇ ಹುಳಾನೂ ಹೋಗ್ತವೆ, ಹೋಗ್ಲಿ.” ಇನ್ನೊಂದು ಹುಳ ಹೆಕ್ಕಿದಳು. “ಅಂದ್ರೆ ನಾನು ಹುಳ ಆಗಿದ್ದಿದ್ರೆ ನಮ್ಮನೇಲೇ ಸಿಕ್ತಿದ್ದೆ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಅನುಕೂಲವಿತ್ತು. ಬೋರ್ಡಿನ ಮೇಲೆ ನೂರು, ಸಾವಿರ ಎಂದು ಬರೆದು ಮೇಡಂ ತಿಳಿಸಲು ಹೋದದ್ದು ನಮ್ಮ ಮನೆಯಲ್ಲಿ ಅಮ್ಮನ ಕಾಲದಿಂದ ಗೊತ್ತಿತ್ತು, ನಾನು ಅದರ ನಡುವೆಯೇ ಬೆಳೆದು ದೊಡ್ಡವನಾಗಿದ್ದೆ. ಹಾಗಾದರೆ ಮೇಷ್ಟ್ರ ಗತಿ ಏನು ಎಂದು ನನ್ನೊಳಗೆ ಒಂದು ವಾದ ಎದ್ದಿತು. ಹುಳಕ್ಕೆ ಮಾನ ಇಲ್ಲ, ಮೇಷ್ಟ್ರಿಗಿದೆ, ಅದೂ ನಿಜವೇ. ಆದರೆ ಮೇಷ್ಟ್ರ ಹತ್ತಿರ ಲ್ಯಾಮಿನೇಷನ್ ಮಾಡಿದ ‘ಇಲ್ಲ’ ಎಂಬ ಕಾಗದವಾದರೂ ಇತ್ತು. ಅಕ್ಕನಿಗೆ ಕೊಡಲು ನನ್ನ ಹತ್ತಿರ ಯಾವ ಕಾಗದವೂ ಇರಲಿಲ್ಲ, ಒಂದು ಮೆಚ್ಚುಗೆ ಪತ್ರ ಬಿಟ್ಟು.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಶ್ರೀನಿವಾಸಪುರದಿಂದ ಮಗಳು, ವಿಡಿಯೋ. ಅಕ್ಕ ಎರಡು ಕೈಯನ್ನೂ ತೊಳೆದು ಸೆರಗಿಗೆ ಒರೆಸಿಕೊಂಡು, ನೀನು ಹಿಡಿ ಎಂದು ಫೋನನ್ನು ನನಗೆ ಕೊಟ್ಟಳು. ಪರದೆಯಲ್ಲಿ ಕೂಸು ಬೇರೆ ಯಾರದೋ ಕಾಲಿನ ಮೇಲೆ ಮಲಗಿತ್ತು, ಮೈಯೆಲ್ಲ ಎಣ್ಣೆ. ಅಕ್ಕ ಅದನ್ನು ಚಿನ್ನಾ, ಬಂಗಾರಾ ಎಂದು ಮಾತಾಡಿಸತೊಡಗಿದಳು. ನಾನು ಫೋನನ್ನು ಅವಳ ಮುಖದ ಹತ್ತಿರಕ್ಕೆ ತಂದೆ. ಅವಳು ನನ್ನ ಕೈಯನ್ನು ದೂರಕ್ಕೆ ತಳ್ಳಿದಳು.

ಇನ್ನು ಹರಡುವುದಿಲ್ಲ ಅಕ್ಕ, ಅದೂ ಅಲ್ಲದೆ ಇದು ಫೋನು ಎಂದೆ. ಗೊತ್ತು ಕಣೋ ಎಂದಳು. ಆದರೂ ಕೆಮ್ಮು ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೂಸಿಗೆ ಕಾಣದ ಹಾಗೆ ಮುಖವನ್ನು ತಟ್ಟೆಗಳ ಕಡೆಗೆ ತಿರುಗಿಸಿಕೊಂಡಳು.